ಪೀಣ್ಯದ ಎರಡನೇ ಶೆಡ್ ಖಾಲಿ ಮಾಡುತ್ತಿದ್ದೇವೆ: ಏನು ತೀರ್ಮಾನ ಆಗಿದೆ, ಏನು ಆಗಿಲ್ಲ

ಎಲ್ಲರಿಗೂ ನಮಸ್ಕಾರ,

ಕ್ಯಾಂಟೀನಿನಲ್ಲೂ ವಾಟ್ಸಾಪ್ ಗ್ರೂಪುಗಳಲ್ಲೂ ಓಡಾಡುತ್ತಿರುವ ಸುದ್ದಿ ಪೂರ್ತಿ ಸುಳ್ಳಲ್ಲ. ಪೀಣ್ಯ ಯೂನಿಟ್ ಮುಚ್ಚುತ್ತಾರೆ ಅನ್ನುವುದು ಮಾತ್ರ ಸುಳ್ಳು.

ಎರಡನೇ ಶೆಡ್ ಅನ್ನು ಮೇ 31ಕ್ಕೆ ಬಿಟ್ಟುಕೊಡುತ್ತೇವೆ. ಮಾಲೀಕರಿಗೆ ಪತ್ರ ಕೊಟ್ಟಾಗಿದೆ, ಇದು ಇನ್ನು ಬದಲಾಗುವುದಿಲ್ಲ. ಅಲ್ಲಿರುವ 22 ಸಿಎನ್‌ಸಿ ಮಷೀನುಗಳಲ್ಲಿ 14 ನಮ್ಮ ವಸಂತನರಸಾಪುರ ಯೂನಿಟ್‌ಗೆ ಹೋಗುತ್ತವೆ, ಹಳೆಯ 8 ಮಷೀನು ಮಾರುತ್ತೇವೆ. ಟೂಲ್ ರೂಮ್, ಕ್ವಾಲಿಟಿ, ಡಿಸ್‌ಪ್ಯಾಚ್ ಮೊದಲನೇ ಶೆಡ್‌ನಲ್ಲೇ ಇರುತ್ತವೆ. ಅಲ್ಲಿ ಕೆಲಸ ಮಾಡುವವರಿಗೆ ಈ ಬದಲಾವಣೆಯಿಂದ ಏನೂ ಆಗುವುದಿಲ್ಲ.

ಕಾರಣ ನಿಮಗೆ ಗೊತ್ತಿರುವುದೇ. ನಾವು ಮಾಡುವ ರಾಕರ್ ಆರ್ಮ್, ಕ್ಯಾಮ್‌ಶಾಫ್ಟ್ ಎಲ್ಲ ಪೆಟ್ರೋಲ್ ಇಂಜಿನ್‌ಗೆ ಬೇಕಾದ ಪಾರ್ಟುಗಳು. ಬ್ಯಾಟರಿ ಸ್ಕೂಟರಿನಲ್ಲಿ ಇವಕ್ಕೆ ಜಾಗವೇ ಇಲ್ಲ. ನಮ್ಮ ದೊಡ್ಡ ಗಿರಾಕಿ ಏಪ್ರಿಲ್‌ನಿಂದ ಆರ್ಡರನ್ನು ಮೂರನೇ ಒಂದು ಪಾಲು ಇಳಿಸಿದ್ದಾರೆ, ಅದು ವಾಪಸ್ ಬರುತ್ತದೆ ಅನ್ನುವ ಭರವಸೆ ನನಗಿಲ್ಲ. ಮೋಟಾರ್ ಶಾಫ್ಟ್‌ನ ಸ್ಯಾಂಪಲ್ ಎರಡು ಕಡೆ ಕೊಟ್ಟಿದ್ದೇವೆ. ಒಪ್ಪಿಗೆ ಬಂದಿಲ್ಲ, ಹಾಗಾಗಿ ಅದನ್ನು ನಂಬಿಕೊಂಡು ಯಾವ ಲೆಕ್ಕವನ್ನೂ ಹಾಕಿಲ್ಲ. ನೀವೂ ಹಾಕಬೇಡಿ.

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆ. ಯಾರ ಕೆಲಸವೂ ಹೋಗುವುದಿಲ್ಲ ಅಂತ ಬರೆಯಲು ನನಗೂ ಇಷ್ಟ, ಆದರೆ ಬರೆದರೆ ಅದು ಸುಳ್ಳಾಗುತ್ತದೆ. ಎರಡನೇ ಶೆಡ್‌ನಲ್ಲಿ ಮೂರು ಶಿಫ್ಟ್ ಸೇರಿ 64 ಆಪರೇಟರುಗಳಿದ್ದೀರಿ, 14 ಮಷೀನಿಗೆ ಅಷ್ಟು ಜನ ಬೇಕಾಗುವುದಿಲ್ಲ. ವಸಂತನರಸಾಪುರದಲ್ಲಿ ಹೊಸಬರನ್ನು ತೆಗೆದುಕೊಳ್ಳುವ ಮುಂಚೆ ನಿಮ್ಮನ್ನೇ ಕೇಳುತ್ತೇವೆ, ಇದು ತೀರ್ಮಾನ. ಎಷ್ಟು ಜನ ಅಲ್ಲಿಗೆ ಹೋಗುತ್ತೀರಿ, ಎಷ್ಟು ಜನಕ್ಕೆ ಮೊದಲನೇ ಶೆಡ್‌ನಲ್ಲಿ ಜಾಗ ಸಿಗುತ್ತದೆ, ಕೊನೆಗೆ ಎಷ್ಟು ಜನಕ್ಕೆ ಎರಡೂ ಕಡೆ ಜಾಗ ಸಿಗುವುದಿಲ್ಲ, ಇದು ಗೊತ್ತಿಲ್ಲ. ಯಾರ ಹತ್ತಿರವಾದರೂ ಹೆಸರುಗಳ ಪಟ್ಟಿ ಇದೆ ಅಂತ ಕೇಳಿದರೆ ನಂಬಬೇಡಿ, ಅಂಥ ಪಟ್ಟಿ ಇಲ್ಲ.

ಪರ್ಚೇಸ್ ಮತ್ತು ಸ್ಟೋರ್ಸ್ ಎರಡೂ ಯೂನಿಟ್‌ಗೆ ಸೇರಿ ಒಂದೇ ಟೀಮ್ ಆಗುತ್ತದೆ. ಈಗ 7 ಜನ ಇದ್ದೀರಿ, ಮುಂದೆ 5 ಜಾಗ. ಸಂಖ್ಯೆ ತೀರ್ಮಾನ ಆಗಿದೆ, ಹೆಸರು ಆಗಿಲ್ಲ. ನಿಮ್ಮ 7 ಜನರ ಜೊತೆಗೂ ನಾನು ಬುಧವಾರ ಒಬ್ಬೊಬ್ಬರಾಗಿ ಮಾತಾಡುತ್ತೇನೆ.

ಕೆಲಸ ಬಿಡಬೇಕಾಗಿ ಬಂದ ಆಪರೇಟರುಗಳಿಗೆ ಕಾನೂನಿನಂತೆ ಒಂದು ತಿಂಗಳ ನೋಟಿಸ್, ಸರ್ವೀಸಿನ ಪ್ರತಿ ವರ್ಷಕ್ಕೆ 15 ದಿನದ ಸಂಬಳ, 5 ವರ್ಷ ಮುಗಿಸಿದ್ದರೆ ಗ್ರಾಚ್ಯುಟಿ ಬೇರೆ. ಇದು ಕೊಡಲೇಬೇಕಾದದ್ದು, ನಮ್ಮ ಉಪಕಾರವಲ್ಲ. ಅದರ ಮೇಲೆ ಎಷ್ಟು ಅನ್ನುವ ಮಾತು ಯೂನಿಯನ್ ಜೊತೆ ನಡೆಯುತ್ತಿದೆ, ಇನ್ನೂ ಒಂದು ಅಂಕಿಗೆ ಬಂದಿಲ್ಲ. ಹೆದರಿಕೊಂಡು ಈಗಲೇ ರಾಜೀನಾಮೆ ಬರೆದುಕೊಡಬೇಡಿ. ನೀವಾಗಿ ಬಿಟ್ಟರೆ ಆ 15 ದಿನದ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ನಿಮ್ಮ ಸೂಪರ್‌ವೈಸರ್ ಸಹಿ ಹಾಕಿ ಅಂದರೂ ಹಾಕಬೇಡಿ, ನನಗೆ ಫೋನ್ ಮಾಡಿ.

ವಸಂತನರಸಾಪುರಕ್ಕೆ ಹೋಗುವವರ ಸಂಬಳ, ಸರ್ವೀಸ್, ಪಿಎಫ್ ಎಲ್ಲ ಈಗಿರುವಂತೆಯೇ ಮುಂದುವರಿಯುತ್ತದೆ. ಓಡಾಟದ ವಿಷಯ ಮಾತ್ರ ಕಗ್ಗಂಟಾಗಿದೆ. ಯಶವಂತಪುರದಿಂದ ತುಮಕೂರಿಗೆ ರೈಲಿದೆಯಲ್ಲ ಅಂತ ಮೇಲಿನವರೊಬ್ಬರು ಮೀಟಿಂಗಿನಲ್ಲಿ ಅಂದರು, ಆದರೆ ನಮ್ಮ ಯೂನಿಟ್ ಇರುವುದು ತುಮಕೂರು ದಾಟಿ ಸಿರಾ ದಾರಿಯಲ್ಲಿ, ಬೆಳಿಗ್ಗೆ 6ರ ಶಿಫ್ಟಿಗೆ ಅದು ಆಗುವ ಮಾತೇ ಅಲ್ಲ. ಕಂಪನಿ ಬಸ್ಸೋ, ಅಲ್ಲೇ ಮನೆ ಮಾಡುವವರಿಗೆ ಬಾಡಿಗೆ ಸಹಾಯವೋ, ಎರಡೂ ಚರ್ಚೆಯಲ್ಲಿವೆ. ನಾನು ಬಸ್ ಬೇಕೇ ಬೇಕು ಅಂತ ಕೂತಿದ್ದೇನೆ, ಸಿಗುತ್ತದೆ ಅಂತ ಹೇಳಲಾರೆ. ಮಕ್ಕಳ ಪರೀಕ್ಷೆ ಮುಗಿಯುವ ತನಕ, ಅಂದರೆ ಏಪ್ರಿಲ್ 15ರ ಒಳಗೆ, ಯಾರನ್ನೂ ಕಳಿಸುವುದಿಲ್ಲ. ಇದಕ್ಕೆ ಒಪ್ಪಿಗೆ ಸಿಕ್ಕಿದೆ.

ಕಾಂಟ್ರ್ಯಾಕ್ಟ್ ಮೇಲೆ ಇರುವವರ ಬಗ್ಗೆ ಏಜೆನ್ಸಿ ಜೊತೆ ಮಾತೇ ಶುರುವಾಗಿಲ್ಲ. ಈ ವಾರ ಶುರು ಮಾಡುತ್ತೇವೆ.

ಗುರುವಾರ ಮಧ್ಯಾಹ್ನ 2ಕ್ಕೆ, ಶಿಫ್ಟ್ ಬದಲಾಗುವ ಹೊತ್ತಿಗೆ, ಕ್ಯಾಂಟೀನಿನಲ್ಲಿ ಸೇರೋಣ. ನೈಟ್ ಶಿಫ್ಟಿನವರಿಗೆ ಅದೇ ದಿನ ರಾತ್ರಿ 10ಕ್ಕೆ ಮತ್ತೆ ಬರುತ್ತೇನೆ. ಬಸ್ಸು, ಪರಿಹಾರ, ಆಪರೇಟರುಗಳ ಸಂಖ್ಯೆ, ಈ ಮೂರಕ್ಕೂ ಫೆಬ್ರವರಿ 20ರಂದು ಉತ್ತರ ಬರೆಯುತ್ತೇನೆ. ಅಷ್ಟರಲ್ಲಿ ಯಾವುದಾದರೂ ತೀರ್ಮಾನ ಆಗದಿದ್ದರೆ, ಆಗಿಲ್ಲ ಅಂತಲೇ ಆ ದಿನ ಬರೆಯುತ್ತೇನೆ.

ಶಾಪ್ ಫ್ಲೋರಿನಲ್ಲಿ ಜಾಸ್ತಿ ಜನ ಮೇಲ್ ನೋಡುವುದಿಲ್ಲ. ಹಾಗಾಗಿ ಇದರ ಪ್ರಿಂಟ್ ಟೈಮ್ ಆಫೀಸ್ ಪಕ್ಕದ ಬೋರ್ಡಿಗೆ ಹಾಕಿಸಿದ್ದೇನೆ. ಓದಿದವರು ಪಕ್ಕದ ಮಷೀನಿನವರಿಗೂ ಹೇಳಿ.

ಪ್ಲಾಂಟ್ ಹೆಡ್, ಪೀಣ್ಯ