ಒಂಬತ್ತು ವರ್ಷ ಸಪ್ಪೆ, ಹತ್ತನೆಯ ವರ್ಷದಿಂದ ಲೆಕ್ಕವೇ ಬೇರೆ

(ಕುಂದಾಪುರದ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣ)

ಪ್ರಾಂಶುಪಾಲರೇ, ಅಧ್ಯಾಪಕರೇ, ವಿದ್ಯಾರ್ಥಿ ಮಿತ್ರರೇ,

ಊಟದ ಗಂಟೆಗೆ ಮುಂಚಿನ ಅವಧಿಯನ್ನು ನನಗೆ ಕೊಟ್ಟಿದ್ದಾರೆ. ಹಸಿದವರ ಮುಂದೆ ಹಣದ ಮಾತು ಆಡುವುದು ಕಷ್ಟ. ಹಾಗಾಗಿ ನೇರವಾಗಿ ಲೆಕ್ಕಕ್ಕೆ ಬರುತ್ತೇನೆ. ಮೊಬೈಲ್ ಇರುವವರು ಕ್ಯಾಲ್ಕುಲೇಟರ್ ತೆರೆಯಿರಿ. ನನ್ನ ಮಾತನ್ನು ನಂಬಬೇಡಿ, ತಾಳೆ ನೋಡಿ.

ತಿಂಗಳಿಗೆ ಒಂದು ಸಾವಿರ ರೂಪಾಯಿ ಕಟ್ಟುತ್ತೀರಿ ಎಂದುಕೊಳ್ಳಿ. ವರ್ಷಕ್ಕೆ ಶೇ 8ರ ಬಡ್ಡಿ, ತಿಂಗಳು ತಿಂಗಳು ಅಸಲಿಗೆ ಸೇರುತ್ತಾ ಹೋಗುತ್ತದೆ. ಮೊದಲ ವರ್ಷದ ಕೊನೆಗೆ ನೀವು ಕಟ್ಟಿದ್ದು 12,000, ಬಡ್ಡಿ ಬಂದದ್ದು ಸುಮಾರು 450. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಗುವುದು ಸರಿಯೇ, ವರ್ಷವಿಡೀ ಕೈ ಕಟ್ಟಿ ಕೂತದ್ದಕ್ಕೆ ಒಂದು ಮೊಬೈಲ್ ರೀಚಾರ್ಜಿನಷ್ಟು ಹಣ! ಹೆಚ್ಚಿನವರು ಬಿಟ್ಟುಹೋಗುವುದು ಇಲ್ಲಿಯೇ, ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ. ಕೌಂಟರಿನ ಈಚೆ ಕೂತು ನಾನು ಇದನ್ನು ನೋಡುತ್ತಲೇ ಇದ್ದೆ. "ಸಾರ್, ಏನೂ ಬೆಳೆದಿಲ್ಲವಲ್ಲ, ಮುರಿದು ಕೊಡಿ" ಎನ್ನುತ್ತಿದ್ದರು.

ಬಿಡದೆ ಕಟ್ಟಿದವರ ಪುಸ್ತಕದಲ್ಲಿ ಏನಾಗುತ್ತದೆ ನೋಡಿ. ಒಂಬತ್ತನೆಯ ವರ್ಷದ ಬಡ್ಡಿ ಸುಮಾರು 11,500. ನೀವು ಕಟ್ಟುವ ಹನ್ನೆರಡು ಸಾವಿರಕ್ಕಿಂತ ಇನ್ನೂ ಕಡಿಮೆಯೇ. ಹತ್ತನೆಯ ವರ್ಷ ಅದು 13,500 ಆಗುತ್ತದೆ. ಅಂದರೆ ಆ ವರ್ಷ ನಿಮ್ಮ ಖಾತೆಗೆ ನಿಮಗಿಂತ ಹೆಚ್ಚು ಹಣ ಹಾಕಿದ್ದು ನಿಮ್ಮ ಹಣವೇ. ಅಲ್ಲಿಂದ ಮುಂದೆ ಅದು ಹಿಂದಿರುಗಿ ನೋಡುವುದಿಲ್ಲ. ಇಪ್ಪತ್ತನೆಯ ವಯಸ್ಸಿಗೆ ಶುರು ಮಾಡಿ ಅರವತ್ತರವರೆಗೆ ಅದೇ ಒಂದು ಸಾವಿರವನ್ನು ಕಟ್ಟಿದರೆ, ನಲವತ್ತನೆಯ ವರ್ಷವೊಂದರಲ್ಲೇ ಬರುವ ಬಡ್ಡಿ ಸುಮಾರು 2 ಲಕ್ಷ 67 ಸಾವಿರ. ಬಡ್ಡಿಯ ದರ ಅದೇ ಎಂಟು, ಕಂತು ಅದೇ ಸಾವಿರ.

ಹನಿಗೂಡಿದರೆ ಹಳ್ಳ ಎಂದು ನಿಮ್ಮ ಅಜ್ಜಿ ಹೇಳಿರುತ್ತಾರೆ. ಅದು ಬರೀ ಕೂಡಿಸುವ ಲೆಕ್ಕ. ಚಕ್ರಬಡ್ಡಿಯಲ್ಲಿ ಹಳ್ಳಕ್ಕೆ ಬಿದ್ದ ಹನಿ ತಾನೂ ಮರಿ ಹಾಕುತ್ತದೆ, ಆ ಮರಿಗೂ ಮರಿಗಳಾಗುತ್ತವೆ. ಮೊದಲು ಬಿದ್ದ ಹನಿಗೆ ಹೆಚ್ಚು ಕಾಲ ಸಿಗುತ್ತದೆ. ಎಳೆಯ ವಯಸ್ಸಿನ ಸಾವಿರಕ್ಕೆ ಬೆಲೆ ಬರುವುದು ಈ ಕಾರಣಕ್ಕೆ.

ಇದನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಅಕ್ಷತಾ ಎಂಬ ಹುಡುಗಿ ಇಪ್ಪತ್ತಕ್ಕೆ ಶುರು ಮಾಡಿ ಹತ್ತು ವರ್ಷ ಕಟ್ಟಿ ನಿಲ್ಲಿಸಿದಳು. ಒಟ್ಟು 1 ಲಕ್ಷ 20 ಸಾವಿರ. ಆಮೇಲೆ ಒಂದು ಪೈಸೆಯನ್ನೂ ಹಾಕಲಿಲ್ಲ, ತೆಗೆಯಲೂ ಇಲ್ಲ. ಅವಳ ತರಗತಿಯ ಕಾರ್ತಿಕ್ ಮೂವತ್ತಕ್ಕೆ ಎಚ್ಚೆತ್ತು ಅರವತ್ತರವರೆಗೆ ತಪ್ಪದೆ ಕಟ್ಟಿದ. ಒಟ್ಟು 3 ಲಕ್ಷ 60 ಸಾವಿರ. ಅರವತ್ತರಲ್ಲಿ ಅವನ ಕೈಗೆ ಬರುವುದು ಸುಮಾರು 14 ಲಕ್ಷ 90 ಸಾವಿರ. ಅಕ್ಷತಾಳಿಗೆ 20 ಲಕ್ಷ. ಕಾರ್ತಿಕ್ ಸೋಮಾರಿಯಲ್ಲ, ಅವಳಿಗಿಂತ ಮೂರು ಪಟ್ಟು ಹಣ ಕಟ್ಟಿದವನು. ಅವನಿಗೆ ಸಿಗದೇ ಹೋದದ್ದು ಮೊದಲ ಹತ್ತು ವರ್ಷ ಮಾತ್ರ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಮೂವತ್ತನೆಯ ವಯಸ್ಸಿಗೆ ಅಕ್ಷತಾಳ ಖಾತೆಯಲ್ಲಿ ಇದ್ದದ್ದು 1 ಲಕ್ಷ 83 ಸಾವಿರ. ಆಗ ಅವಳು ಅದನ್ನು ತೆಗೆದು ಬೈಕ್ ಕೊಂಡಿದ್ದರೆ ಆ ಬೈಕಿನ ನಿಜವಾದ ಬೆಲೆ ಎಷ್ಟು? ಉತ್ತರ ನೀವೇ ಹೇಳಿ.

ಈಗ ನಿಮ್ಮ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು. ಹಣ ಹೂಡಿ ಎಂದು ಬರುವ ಏಜೆಂಟರು ಈ ಭಾಗವನ್ನು ಹೇಳುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ನಲವತ್ತು ವರ್ಷದಲ್ಲಿ ಹತ್ತು ಪಟ್ಟಾಗುತ್ತವೆ. ನಲವತ್ತು ವರ್ಷವೂ ಸಾವಿರ ಕಟ್ಟಿದವರಿಗೆ ಬರುವ 34 ಲಕ್ಷ 90 ಸಾವಿರಕ್ಕೆ ಇಂದಿನ ಲೆಕ್ಕದಲ್ಲಿ ಮೂರೂವರೆ ಲಕ್ಷದ ಕೊಳ್ಳುವ ಶಕ್ತಿಯೂ ಇರುವುದಿಲ್ಲ. ಆದ್ದರಿಂದ ಕಂತನ್ನು ಸಾವಿರದಲ್ಲೇ ನಿಲ್ಲಿಸಬೇಡಿ. ಸಂಬಳ ಏರಿದಾಗಲೆಲ್ಲ ಕಂತನ್ನೂ ಏರಿಸಿ. ದೀರ್ಘಕಾಲದ ಹಣದಲ್ಲಿ ಒಂದು ಪಾಲು ಷೇರು ಪೇಟೆಯ ಕಡೆಗೂ ಹೋಗಬೇಕು ಎನ್ನುವುದು ಇದೇ ಕಾರಣಕ್ಕೆ. ಅಲ್ಲಿ ಯಾವ ದರವೂ ಖಾತರಿಯಲ್ಲ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅದೇ ವರ್ಷ ಅರ್ಧಕ್ಕಿಂತ ಕೆಳಗೆ ಕುಸಿಯಿತು. 2020ರ ಮಾರ್ಚ್ 23ರಂದು ಒಂದೇ ದಿನ ಶೇ 13ರಷ್ಟು ಬಿತ್ತು. ಅಂಥ ದಿನಗಳಲ್ಲಿ ಬೆಲೆ ಇಳಿದಿರುವುದರಿಂದ ನಿಮ್ಮ ತಿಂಗಳ ಕಂತಿಗೆ ಮ್ಯೂಚುವಲ್ ಫಂಡಿನ ಹೆಚ್ಚು ಪಾಲು, ಅಂದರೆ ಹೆಚ್ಚು ಯೂನಿಟ್ ಸಿಗುತ್ತವೆ. ಹೆದರಿ ನಿಲ್ಲಿಸಿದವರಿಗೆ ಸಿಗುವುದಿಲ್ಲ. ನಾಲ್ಕೈದು ವರ್ಷದಲ್ಲಿ ಬೇಕಾಗುವ ಹಣವನ್ನಂತೂ ಅಲ್ಲಿ ಇಡಲೇಬೇಡಿ.

ಇನ್ನೊಂದು ಸಂಗತಿ, ಕಮಿಷನ್. ವರ್ಷಕ್ಕೆ ಒಂದು ಶೇಕಡ ಅದಕ್ಕೇ ಹೋಯಿತು ಎಂದುಕೊಂಡು ನಲವತ್ತು ವರ್ಷದ ಅದೇ ಲೆಕ್ಕದಲ್ಲಿ ಶೇ 8ರ ಬದಲು ಶೇ 7 ಹಾಕಿ ನೋಡಿ. 34 ಲಕ್ಷ 90 ಸಾವಿರ ಬರಬೇಕಾದಲ್ಲಿ 26 ಲಕ್ಷ 25 ಸಾವಿರ ಬರುತ್ತದೆ. ಒಂದು ಶೇಕಡ ಎಂದು ನಾವು ಲಘುವಾಗಿ ಬಿಟ್ಟದ್ದು ಎಂಟೂವರೆ ಲಕ್ಷಕ್ಕೂ ಹೆಚ್ಚು ಹಣವನ್ನು ನುಂಗಿತು. ಮ್ಯೂಚುವಲ್ ಫಂಡ್ ಆರಿಸುವಾಗ ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಯಾವುದು, ವಾರ್ಷಿಕ ಖರ್ಚು ಎಷ್ಟು ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಚಕ್ರಬಡ್ಡಿ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಮೊದಲ ತಿಂಗಳಲ್ಲೇ ನಿಮಗೆ ಕ್ರೆಡಿಟ್ ಕಾರ್ಡಿನ ಕರೆ ಬರುತ್ತದೆ. ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿ ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಕಟ್ಟದೆ ಬಿಟ್ಟ 10,000 ರೂಪಾಯಿ, ಬಡ್ಡಿಗೆ ಬಡ್ಡಿ ಬಿದ್ದು, ಒಂದು ವರ್ಷದಲ್ಲಿ 15,000 ದಾಟುತ್ತದೆ. ದಂಡ, ತೆರಿಗೆ ಬೇರೆ. ಆ ಸಾಲ ತೀರುವ ತನಕ ಹೂಡಿಕೆಯ ಮಾತು ಬೇಡ.

ಸಣ್ಣ ಮೊತ್ತಕ್ಕೆ ನಾಚುವ ಕಾರಣವಿಲ್ಲ. ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಹಳೆಯ ಅಭ್ಯಾಸವಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ಸಂಗ್ರಹಿಸುತ್ತಿದ್ದರು. ಈಗ ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯ ಆರ್‌ಡಿ ಇದೆ, ಐದು ವರ್ಷಕ್ಕೆ. ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್ ಖಾತೆಗೆ ವರ್ಷಕ್ಕೆ 500 ರೂಪಾಯಿ ಹಾಕಿದರೂ ಸಾಕು, ಅವಧಿ ಹದಿನೈದು ವರ್ಷ. ಬೇಗ ಮುರಿಯಲು ಬಿಡದ ಆ ಬಿಗಿಯೇ ಅದರ ಗುಣ ಎಂದು ನನ್ನ ಅಭಿಪ್ರಾಯ. ಹದಿನೆಂಟು ತುಂಬಿದವರಿಗೆ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಇದ್ದರೆ, ಕೆವೈಸಿ ಮುಗಿಸಿ, ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿಯನ್ನೂ 500ರಿಂದ ಶುರು ಮಾಡಬಹುದು. ಕಂತಿನ ತಾರೀಖನ್ನು ಹಣ ಕೈಗೆ ಬರುವ ದಿನದ ಮಾರನೆಯ ದಿನಕ್ಕೆ ಇಡಿ. ತಿಂಗಳ ಕೊನೆಗೆ ಉಳಿದದ್ದನ್ನು ಹಾಕುತ್ತೇನೆ ಎನ್ನುವವರ ಬಳಿ ಏನೂ ಉಳಿಯುವುದಿಲ್ಲ, ಇದು ಬ್ಯಾಂಕಿನಲ್ಲಿ ಕೂತು ಕಂಡ ಸತ್ಯ.

ಕೊನೆಗೆ ಒಂದು ಉಪಾಯ. ಬಡ್ಡಿಯ ದರದಿಂದ 72ನ್ನು ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ. ಶೇ 8ಕ್ಕೆ ಒಂಬತ್ತು ವರ್ಷ, ಶೇ 12ಕ್ಕೆ ಆರು. ವಾಟ್ಸ್‌ಆ್ಯಪ್‌ನಲ್ಲಿ ಯಾರಾದರೂ ಎರಡು ವರ್ಷದಲ್ಲಿ ದುಪ್ಪಟ್ಟು ಮಾಡಿಕೊಡುತ್ತೇವೆ ಎಂದರೆ ಲೆಕ್ಕ ಹಾಕಿ, ವರ್ಷಕ್ಕೆ ಶೇ 36ಕ್ಕೂ ಹೆಚ್ಚು. ಅದನ್ನು ಖಾತರಿಯಾಗಿ ಕೊಡಬಲ್ಲವನು ನಿಮ್ಮ ಹಣವನ್ನು ಕೇಳಿಕೊಂಡು ಏಕೆ ಬರುತ್ತಾನೆ?

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಯಾವ ಷೇರು ಕೊಳ್ಳಬೇಕು ಎಂಬುದೊಂದನ್ನು ಬಿಟ್ಟು. ಅದು ಗೊತ್ತಿದ್ದರೆ ನಾನು ನಿವೃತ್ತಿಯ ವಯಸ್ಸಿನವರೆಗೆ ಕೌಂಟರಿನಲ್ಲಿ ಕೂತಿರುತ್ತಿರಲಿಲ್ಲ.