ದೀಪಾವಳಿ ಸಿಹಿಗೆ ಈಗಲೇ ಹೇಳಿಬಿಡಿ: ನವೆಂಬರ್ 1ರೊಳಗೆ ಹೇಳಿದವರಿಗೆ ಶೇ 10 ರಿಯಾಯಿತಿ

ನಮಸ್ಕಾರ. ಕುವೆಂಪುನಗರದ ನಮ್ಮ ಮಿಠಾಯಿ ಅಂಗಡಿಯಿಂದ ಈ ಸಂದೇಶ.

ಈ ಸಲ ನರಕ ಚತುರ್ದಶಿ ನವೆಂಬರ್ 8, ಭಾನುವಾರ. ಬಲಿಪಾಡ್ಯಮಿ 10, ಮಂಗಳವಾರ. ಶನಿವಾರ ಸಂಜೆ ನೀರು ತುಂಬುವ ಹೊತ್ತಿಗೆ ಸಿಹಿ ನಿಮ್ಮ ಮನೆಯಲ್ಲಿರಬೇಕು ಅಂದರೆ, ಅದನ್ನು ನಾವು ಗುರುವಾರ, ಶುಕ್ರವಾರವೇ ಮಾಡಿ ಮುಗಿಸಿರಬೇಕು. ಅದಕ್ಕೇ ಇಷ್ಟು ಮುಂಚೆ ಕೇಳುತ್ತಿದ್ದೇವೆ.

ಕಳೆದ ವರ್ಷ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೇ ಮೈಸೂರು ಪಾಕ್ ಖಾಲಿಯಾಯಿತು. ವರ್ಷಗಳಿಂದ ಬರುವವರನ್ನೇ ಬರಿಗೈಲಿ ಕಳಿಸಬೇಕಾಯಿತು. ಒಬ್ಬರು ತಾಯಿ ಮಗಳ ಮೊದಲ ದೀಪಾವಳಿ, ಅಳಿಯ ಬಂದಿದ್ದಾರೆ ಅಂತ ಎರಡು ಸಲ ಬಂದು ಕೇಳಿದರು. ಆ ಸಂಕಟ ಈಗಲೂ ಮರೆತಿಲ್ಲ. ಈ ಸಲ ಮೊದಲೇ ಹೇಳಿದವರ ಪಾಲನ್ನು ಹೆಸರು ಬರೆದು ಎತ್ತಿಟ್ಟೇ ಉಳಿದದ್ದನ್ನು ಗಾಜಿನ ಕಪಾಟಿಗೆ ಇಡುತ್ತೇವೆ.

ಮೈಸೂರು ಪಾಕನ್ನು ಅವಸರದಲ್ಲಿ ಮಾಡಲು ಆಗುವುದಿಲ್ಲ. ಸಕ್ಕರೆ ಒಂದೆಳೆ ಪಾಕಕ್ಕೆ ಬಂದ ಮೇಲೆ ಜರಡಿ ಹಿಡಿದ ಕಡಲೆಹಿಟ್ಟು ಉದುರಿಸಿ, ಕಾದ ತುಪ್ಪವನ್ನು ಸೌಟು ಸೌಟಾಗಿ ಹಾಕುತ್ತಾ ಕೈ ಬಿಡದೆ ತಿರುವಬೇಕು. ಕೆಳಗಿಳಿಸುವುದು ಅರ್ಧ ನಿಮಿಷ ತಡವಾದರೂ ಗಟ್ಟಿ, ಬೇಗ ಇಳಿಸಿದರೆ ಹಸಿ ಹಿಟ್ಟಿನ ವಾಸನೆ. ಒಂದು ಬಾಣಲೆಗೆ ಎಂಟು ಕಿಲೋಗಿಂತ ಹೆಚ್ಚು ನಾವು ಹಾಕುವುದಿಲ್ಲ. ನಮ್ಮಲ್ಲಿ ತುಪ್ಪ ಬಿಟ್ಟರೆ ಬೇರೆ ಎಣ್ಣೆ, ಡಾಲ್ಡಾ ಸಿಹಿಗೆ ಬೀಳುವುದಿಲ್ಲ, ಹಬ್ಬದ ಗಡಿಬಿಡಿಯಲ್ಲೂ ಬೀಳುವುದಿಲ್ಲ.

ಹೇಳುವಾಗ ಮೆತ್ತಗಿನದು ಬೇಕೋ, ತೂತು ತೂತಾಗಿ ಗರಿಗರಿಯಾಗಿರುವ ಹಳೇ ಕಾಲದ್ದು ಬೇಕೋ ತಿಳಿಸಿ. ಮನೆಯಲ್ಲಿ ಹಲ್ಲಿಲ್ಲದ ಅಜ್ಜ, ಅಜ್ಜಿ ಇದ್ದರೆ ಮೆತ್ತಗಿನದೇ ತಗೊಳ್ಳಿ, ಬಾಯಲ್ಲಿಟ್ಟರೆ ಕರಗುತ್ತದೆ. ಎರಡಕ್ಕೂ ಬೆಲೆ ಒಂದೇ: ಕಿಲೋಗೆ ₹840. ನವೆಂಬರ್ 1, ಭಾನುವಾರ ರಾತ್ರಿ 9ರೊಳಗೆ ಹೇಳಿದರೆ ₹756.

ಒಂದೊಂದೇ ಆರಿಸುವ ತಾಪತ್ರಯ ಬೇಡ ಅನ್ನುವವರಿಗೆ ಹಬ್ಬದ ಡಬ್ಬ ಇದೆ. ಮೈಸೂರು ಪಾಕ್, ರವೆ ಉಂಡೆ, ಕರ್ಜಿಕಾಯಿ, ಕೋಡುಬಳೆ, ನಾಲ್ಕೂ ಕಾಲು ಕಾಲು ಕಿಲೋ. ₹620ರ ಡಬ್ಬ ಮೊದಲೇ ಹೇಳಿದವರಿಗೆ ₹558. ಕೋಡುಬಳೆ ಬದಲು ಚಕ್ಕುಲಿ ಬೇಕಾದರೆ ಹಾಕಿಕೊಡುತ್ತೇವೆ. ಬಾದಾಮ್ ಪುರಿ, ಚಿರೋಟಿ, ಡ್ರೈ ಜಾಮೂನು, ಹಾಲುಬಾಯಿಗೂ ಇದೇ ರಿಯಾಯಿತಿ. ಎಲ್ಲ ಬೆಲೆಯಲ್ಲೂ ಜಿಎಸ್‌ಟಿ ಸೇರಿದೆ. ತೂಗುವಾಗ ಖಾಲಿ ಡಬ್ಬ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದೇ ಸಿಹಿ ಹಾಕುತ್ತೇವೆ, ರಟ್ಟಿಗೆ ನೀವು ದುಡ್ಡು ಕೊಡಬೇಕಿಲ್ಲ.

ಹಾಲುಬಾಯಿ ವಿಷಯ ಒಂದು ಮಾತು. ಅದರಲ್ಲಿ ತೆಂಗಿನಕಾಯಿ ಹಾಲು ಇರುವುದರಿಂದ ಹೊರಗಿಟ್ಟರೆ ಮಾರನೇ ದಿನಕ್ಕೆ ರುಚಿ ಕೆಡುತ್ತದೆ. ಆದ್ದರಿಂದ ಹಾಲುಬಾಯಿ ಮಾತ್ರ ಶನಿವಾರ ಬೆಳಿಗ್ಗೆ ಮಾಡಿ ಅವತ್ತೇ ಕೊಡುತ್ತೇವೆ. ಬೇರೆ ಊರಿಗೆ ಕೊರಿಯರ್ ಮಾಡಿ ಅಂದರೆ ಒಪ್ಪುವುದಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಬೆಂಗಳೂರಲ್ಲೋ ಪುಣೆಯಲ್ಲೋ ಇರುವ ಮಕ್ಕಳಿಗೆ ಕಳಿಸುವುದಿದ್ದರೆ ಮೈಸೂರು ಪಾಕ್, ರವೆ ಉಂಡೆ, ಖಾರದ ತಿಂಡಿ ಆರಿಸಿ. ಅಂಥ ಪಾರ್ಸೆಲ್‌ಗೆ ಅಕ್ಟೋಬರ್ 30ರೊಳಗೆ ಹೇಳಿ, ಕೊರಿಯರ್ ಖರ್ಚು ಬೇರೆ. ಮಾಡಿದ ದಿನ, ಯಾವತ್ತಿನವರೆಗೆ ತಿನ್ನಬಹುದು, ಎರಡೂ ಪ್ರತಿ ಡಬ್ಬದ ಮೇಲೆ ಬರೆದಿರುತ್ತದೆ.

ಕಚೇರಿ, ಕಾರ್ಖಾನೆ, ಶಾಲೆಯ ಸಿಬ್ಬಂದಿಗೆ ಹಂಚುವವರು 25 ಡಬ್ಬಕ್ಕಿಂತ ಹೆಚ್ಚು ತಗೊಂಡರೆ ಶೇ 15 ಕಡಿಮೆ. ನಿಮ್ಮ ಸಂಸ್ಥೆಯ ಹೆಸರಿನ ಚೀಟಿ ನಮ್ಮ ಖರ್ಚಿನಲ್ಲೇ ಅಂಟಿಸುತ್ತೇವೆ. ನಗರದೊಳಗೆ ನಮ್ಮ ಆಟೋದಲ್ಲೇ ತಲುಪಿಸುತ್ತೇವೆ.

ಆರ್ಡರ್ ಕೊಡುವುದು ಸುಲಭ. ಇದೇ ವಾಟ್ಸಾಪ್ ಸಂದೇಶಕ್ಕೆ ಉತ್ತರವಾಗಿ ನಿಮ್ಮ ಹೆಸರು, ಯಾವ ಸಿಹಿ, ಎಷ್ಟು ಕಿಲೋ, ಯಾವತ್ತು ಬರುತ್ತೀರಿ ಅಂತ ಬರೆಯಿರಿ. ಟೈಪ್ ಮಾಡಲು ಕಷ್ಟವಾದರೆ ಧ್ವನಿ ಸಂದೇಶ ಕಳಿಸಿ ಸಾಕು. ನಾವು ಮೊತ್ತ ತಿಳಿಸುತ್ತೇವೆ. ಅರ್ಧ ದುಡ್ಡು ಮುಂಗಡ, ಫೋನ್ ಪೇಯೋ ನಗದೋ ನಿಮ್ಮಿಷ್ಟ. ಯಾವುದೋ ಕಾರಣಕ್ಕೆ ಬೇಡವಾದರೆ ನವೆಂಬರ್ 4ರೊಳಗೆ ಹೇಳಿ, ಮುಂಗಡ ಪೂರ್ತಿ ವಾಪಸ್. ಆಮೇಲೆ ಒಲೆ ಹಚ್ಚಿರುತ್ತೇವೆ, ಆಗುವುದಿಲ್ಲ.

ಡಬ್ಬ ಕೊಡುವುದು ಶುಕ್ರವಾರ 6 ಮತ್ತು ಶನಿವಾರ 7, ಬೆಳಿಗ್ಗೆ 7ರಿಂದ ರಾತ್ರಿ 9. ಮೊದಲೇ ಹೇಳಿದವರಿಗೆ ಎಡಗಡೆಯ ಬಾಗಿಲಲ್ಲಿ ಬೇರೆ ಸಾಲು ಇರುತ್ತದೆ. ಹೆಸರು ಹೇಳಿ, ಡಬ್ಬ ತಗೊಂಡು ಹೊರಡಿ. ಶನಿವಾರ ಸಂಜೆ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಆದಷ್ಟು ಶುಕ್ರವಾರವೇ ಬನ್ನಿ.