ಅಧ್ಯಯನ ವಿಧಾನ, ಭಾಗ 3.6: ಸಂಶೋಧನಾ ಶಿಸ್ತು ಮತ್ತು ಸಂಶೋಧಕರ ಸ್ವವಿಮರ್ಶೆ

ರೋಗಿಯ ಒಪ್ಪಿಗೆಯಿಲ್ಲದೆ ಆಸ್ಪತ್ರೆಗೆ ಸೇರಿಸಿಕೊಳ್ಳುವ ದಾಖಲಾತಿಯ ಬಗ್ಗೆ ಕೇಳಿದಾಗ ಚಿಕಿತ್ಸಕರಿಂದ ಮೊದಲು ಬರುವುದು ಕಾನೂನಿನ ಉತ್ತರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ರೋಗಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಅವಧಿ 30 ದಿನ ಮೀರಬಾರದು. ದಾಖಲಾದ 7 ದಿನದೊಳಗೆ, ಮಹಿಳೆ ಅಥವಾ ಅಪ್ರಾಪ್ತರಾದರೆ 3 ದಿನದೊಳಗೆ, ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ನಮಗೆ ಬೇಕಿದ್ದದ್ದು ರಾತ್ರಿ ಪಾಳಿಯಲ್ಲಿ ನಿಜವಾಗಿ ಏನಾಗುತ್ತದೆ ಎಂಬುದು. ಆದ್ದರಿಂದ "ಸಾಮಾನ್ಯವಾಗಿ ಏನು ಮಾಡುತ್ತೀರಿ?" ಎಂದು ನಾವು ಕೇಳಲಿಲ್ಲ. "ಈಚೆಗೆ ಹೀಗೆ ದಾಖಲಾದ ಒಬ್ಬರ ಬಗ್ಗೆ, ಅವರು ಗೇಟಿನೊಳಗೆ ಬಂದಲ್ಲಿಂದ ಹೇಳಿ" ಎಂದು ಶುರು ಮಾಡಿದೆವು. ಅರ್ಜಿಗೆ ಯಾರು ಸಹಿ ಹಾಕಿದರು, ಎರಡನೆಯ ಪರೀಕ್ಷೆ ಯಾವಾಗ, ಯಾವ ಕೋಣೆಯಲ್ಲಿ ನಡೆಯಿತು, ಆಗ ಮನೆಯವರು ಎಲ್ಲಿದ್ದರು ಎಂಬ ಉಪಪ್ರಶ್ನೆಗಳನ್ನು ಆ ಕಥನದ ಜಾಡಿನಲ್ಲೇ ಕೇಳಿದೆವು.

ಒಟ್ಟು 18 ಮಂದಿಯನ್ನು ಸಂದರ್ಶಿಸಿದವಳು ಮೊದಲ ಲೇಖಕಿ. ಸರ್ಕಾರಿ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ಹಲವು ವರ್ಷ ಸಮಾಜ ಕಾರ್ಯಕರ್ತೆಯಾಗಿದ್ದ ನಾನು, ಇಂಥ ಅರ್ಜಿಗಳನ್ನು ಕುಟುಂಬದವರಿಂದ ಬರೆಸಿಕೊಂಡವಳು. ಕೆಲವು ದಾಖಲಾತಿಗಳು ಜೀವ ಉಳಿಸುತ್ತವೆ ಎಂಬ ನಂಬಿಕೆಯೊಂದಿಗೇ ಈ ಅಧ್ಯಯನಕ್ಕೆ ಬಂದವಳು. ಈ ಹಿನ್ನೆಲೆಯಿಂದ ಬಾಗಿಲು ತೆರೆಯಿತು, ಮಾತು ಮಾತ್ರ ಮೊಟಕಾಗುವ ಅಪಾಯವಿತ್ತು. ಹಿರಿಯ ಶುಶ್ರೂಷಾಧಿಕಾರಿಯೊಬ್ಬರು ರೋಗಿಯನ್ನು ಕಟ್ಟಿಹಾಕಿದ ಸಂದರ್ಭಕ್ಕೆ ಬಂದಾಗ "ಆಮೇಲೆ ಏನಾಯ್ತು ಅಂತ ನಿಮಗೇ ಗೊತ್ತಲ್ಲ ಮೇಡಂ" ಎಂದು ನಿಲ್ಲಿಸಿದರು. ಇಂಥ ಕಡೆ "ವಾರ್ಡು ನೋಡಿಯೇ ಇಲ್ಲದವರಿಗೆ ಹೇಳೋ ಹಾಗೆ ಹೇಳಿ" ಎಂದು ಕೇಳುವುದನ್ನು ಸಂದರ್ಶನದ ನಿಯಮವನ್ನಾಗಿ ಮಾಡಿಕೊಂಡೆವು. ಆ ಸಂದರ್ಶನದಲ್ಲಿ ಮುಂದೆ ಬಂದ ವಿವರ, ಅಂದರೆ ಕೈ ಹಿಡಿದವರು ಯಾರು, ಚುಚ್ಚುಮದ್ದಿಗೆ ಮೊದಲು ರೋಗಿಗೆ ಏನು ಹೇಳಲಾಯಿತು ಎಂಬುದು, ವಿಶ್ಲೇಷಣೆಯಲ್ಲಿ ನಾವು ಗುರುತಿಸಿದ ಎರಡನೆಯ ಆಶಯಕ್ಕೆ ಆಧಾರವಾಯಿತು. ನಾನು ಕೆಲಸ ಮಾಡಿದ್ದ ಆಸ್ಪತ್ರೆಯ ಯಾರನ್ನೂ ಸಂದರ್ಶಿಸಿಲ್ಲ.

ಪ್ರತಿ ಸಂದರ್ಶನಕ್ಕೆ ಮೊದಲು ನನ್ನ ನಿರೀಕ್ಷೆಯನ್ನೂ ಮುಗಿದ ಮೇಲೆ ನನಗೆ ಹಿಡಿಸದ ಮಾತನ್ನೂ ದಿನಚರಿಯಲ್ಲಿ ಬರೆದಿಟ್ಟೆ. ಎರಡನೆಯ ಲೇಖಕರು ಮನೋವೈದ್ಯರು. ಮೂರನೆಯವರು ಸ್ವತಃ ಒಪ್ಪಿಗೆಯಿಲ್ಲದೆ ದಾಖಲಾದ ಅನುಭವವುಳ್ಳವರು. ಹದಿನೈದು ದಿನಕ್ಕೊಮ್ಮೆ ಮೂವರೂ ಕೂತು ದಿನಚರಿ ಮತ್ತು ಕೋಡ್‌ಗಳನ್ನು ಒಟ್ಟಿಗೆ ಓದಿದೆವು. "ಕುಟುಂಬದ ಒತ್ತಡ" ಎಂದು ನಾನು ಗುರುತಿಸಿದ್ದ ಭಾಗಗಳನ್ನು ಓದಿದ ಮೂರನೆಯ ಲೇಖಕರು, ಹಲವು ಕಡೆ ದಾಖಲಾತಿಯ ಮಾತು ಮೊದಲು ಎತ್ತಿದವರು ಚಿಕಿತ್ಸಕರೇ ಎಂದು ತೋರಿಸಿದರು. ಎಲ್ಲ ಸಂದರ್ಶನಗಳನ್ನು ಮತ್ತೆ ಓದಿ, ಆ ಆಶಯವನ್ನು "ತೀರ್ಮಾನದ ಹೊಣೆ ಕೈಬದಲಾಗುವುದು" ಎಂದು ಮರುರೂಪಿಸಿದೆವು. ಈ ಬದಲಾವಣೆಗಳ ದಿನಾಂಕ ಮತ್ತು ಕಾರಣ ನಮ್ಮ ದಾಖಲೆಪುಸ್ತಕದಲ್ಲಿವೆ.

ವಿಶ್ಲೇಷಣೆಗೆ ಬ್ರೌನ್ ಮತ್ತು ಕ್ಲಾರ್ಕ್ ಅವರ ಸ್ವವಿಮರ್ಶಾತ್ಮಕ ಆಶಯ ವಿಶ್ಲೇಷಣೆಯನ್ನು ಬಳಸಿದ್ದೇವೆ. ಈ ವಿಧಾನದಲ್ಲಿ ಓದುಗರ ನಿಲುವು ಅರ್ಥ ಕಟ್ಟುವುದರ ಭಾಗವೇ ಆಗಿರುವುದರಿಂದ, ಕೋಡ್ ಮಾಡಿದವರ ನಡುವಿನ ಹೊಂದಾಣಿಕೆಯನ್ನು ಕಪ್ಪಾ ಅಂಕಿಯಲ್ಲಿ ಅಳೆಯಲಿಲ್ಲ. ಇನ್ನು ಹೊಸದೇನೂ ಸಿಗದಷ್ಟು ಮಾಹಿತಿ "ಪರ್ಯಾಪ್ತ"ವಾಯಿತು ಎಂದೂ ನಾವು ಹೇಳುವುದಿಲ್ಲ. ಪ್ರಶ್ನೆ ಕಿರಿದಾಗಿತ್ತು, ಸಂದರ್ಶನಗಳು ದೀರ್ಘವಾಗಿದ್ದವು, ಭಾಗವಹಿಸಿದವರಿಗೆ ನೇರ ಅನುಭವವಿತ್ತು. ಈ ಆಧಾರದ ಮೇಲೆ 18 ಸಾಕೆಂದು ತೀರ್ಮಾನಿಸಿದೆವು. ಕೋಡಿಂಗ್ ನಡೆದದ್ದು ಸಂದರ್ಶನಗಳ ಮೂಲ ಕನ್ನಡ ಬರಹರೂಪದ ಮೇಲೆ.

ನಮ್ಮ ವಾದಕ್ಕೆ ಒಗ್ಗದ ಸಂದರ್ಶನಗಳನ್ನು ಉದ್ದೇಶಪೂರ್ವಕವಾಗಿ ಹುಡುಕಿದೆವು. ಮನೆಯವರು ಪಟ್ಟುಹಿಡಿದರೂ ದಾಖಲಾತಿ ನಿರಾಕರಿಸಿದ ಇಬ್ಬರು ಮನೋವೈದ್ಯರ ಕಥನಗಳು ಹೊಣೆ ಸದಾ ಜಾರುತ್ತದೆ ಎಂಬ ನಮ್ಮ ಮೊದಲ ಹೇಳಿಕೆಗೆ ಮಿತಿ ಹಾಕಿದವು. ಫಲಿತಾಂಶದ ಭಾಗದಲ್ಲಿ ಅವನ್ನು ಪೂರ್ಣವಾಗಿ ಕೊಟ್ಟಿದ್ದೇವೆ. ಪ್ರತಿಯೊಬ್ಬರಿಗೂ ಅವರ ಸಂದರ್ಶನದ ಸಾರಾಂಶ ಕಳಿಸಿ, ತಪ್ಪಿದ್ದರೆ ತಿದ್ದಲು, ಬೇಡವಾದದ್ದನ್ನು ತೆಗೆಸಲು ಕೇಳಿದೆವು. ಅವರ ಸಮ್ಮತಿಯನ್ನು ನಮ್ಮ ವ್ಯಾಖ್ಯಾನಕ್ಕೆ ಪುರಾವೆಯೆಂದು ಪರಿಗಣಿಸಿಲ್ಲ: ಇವು ಅಧಿಕಾರ ಕೈಯಲ್ಲಿದ್ದವರ ಕಥನಗಳು, ದಾಖಲಾದವರನ್ನು ಈ ಅಧ್ಯಯನದಲ್ಲಿ ನಾವು ಸಂದರ್ಶಿಸಿಲ್ಲ. ಆದ್ದರಿಂದ ಬಲವಂತ ಹೇಗಿತ್ತು ಎಂಬುದರ ಬಗ್ಗೆ ನಾವು ಏನನ್ನೂ ಪ್ರತಿಪಾದಿಸುವುದಿಲ್ಲ. ಚಿಕಿತ್ಸಕರು ಅದನ್ನು ಹೇಗೆ ಸಮರ್ಥಿಸಿಕೊಳ್ಳುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂಬುದಷ್ಟೇ ನಮ್ಮ ವಿಷಯ.

ಸಣ್ಣ ಜಿಲ್ಲೆಯಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಜಿಲ್ಲೆಯ ಹೆಸರಿನೊಂದಿಗೆ ಹುದ್ದೆ ಬರೆದರೆ ಸಾಕು, ಆಳು ಯಾರೆಂದು ತಿಳಿದುಬಿಡುತ್ತದೆ. ಎರಡನೆಯ ಪರೀಕ್ಷೆಯ ಸಹಿ ಆಮೇಲೆ ಬಿದ್ದದ್ದನ್ನು ಕೆಲವರು ನಂಬಿಕೆಯಿಟ್ಟು ಹೇಳಿಕೊಂಡಿದ್ದಾರೆ. ಆದ್ದರಿಂದ ಉಲ್ಲೇಖಗಳ ಪಕ್ಕದಲ್ಲಿ ವೃತ್ತಿಯನ್ನು ಮಾತ್ರ ನಮೂದಿಸಿದ್ದೇವೆ, ಲಿಂಗ ಮತ್ತು ಸೇವಾವಧಿ ಬಿಟ್ಟಿದ್ದೇವೆ. ಧ್ವನಿಮುದ್ರಣಗಳನ್ನು ಬರಹರೂಪ ಪರಿಶೀಲಿಸಿದ ಕೂಡಲೇ ಅಳಿಸಲಾಗಿದೆ.